ರೈತರೋ, ಸತ್ಯನಿಷೇಧಿಗಳೋ: ‘ಕುಫ್ಫಾರ್’ ಪದದ ಬೇರು

ಪ್ರಶ್ನೆ: ಉಸ್ತಾದರೇ, ನನ್ನ ಹತ್ತಿರ ಕುರ್‌ಆನಿನ ಎರಡು ಅನುವಾದಗಳಿವೆ. 57ನೇ ಅಧ್ಯಾಯದ 20ನೇ ವಚನದಲ್ಲಿ ಮಳೆಗೆ ಬೆಳೆದ ಪೈರನ್ನು ಕಂಡು ಖುಷಿಪಡುವವರು ಒಂದರಲ್ಲಿ ‘ರೈತರು’, ಇನ್ನೊಂದರಲ್ಲಿ ‘ಸತ್ಯನಿಷೇಧಿಗಳು’. ಪಕ್ಕದ ಮನೆಯ ಹುಡುಗನನ್ನು ಕೇಳಿದೆ. ಅರಬಿಯಲ್ಲಿ ಅಲ್ಲಿರುವುದು ‘ಕುಫ್ಫಾರ್’ ಎಂದ. ಅದು ಕಾಫಿರ್ ಪದದ ಬಹುವಚನ ಅಲ್ವಾ? ಹಾಗಾದರೆ ರೈತರು ಎಲ್ಲಿಂದ ಬಂದರು?
ನಿವೃತ್ತ ಅಧ್ಯಾಪಕರು, ಪೆರ್ಲ

ಉತ್ತರ: ಮಾಸ್ಟ್ರೇ, ಹುಡುಗ ಹೇಳಿದ್ದು ಸರಿ. ಅಲ್ಲಿರುವುದು ಕುಫ್ಫಾರ್, ಅದು ಕಾಫಿರ್ ಪದದ ಬಹುವಚನವೇ. ಆದರೂ ‘ರೈತರು’ ಎಂದು ಬರೆದವರು ತಪ್ಪು ಮಾಡಿಲ್ಲ. ನನ್ನನ್ನು ಕೇಳಿದರೆ ಆ ವಚನದಲ್ಲಿ ಅದೇ ಮೊದಲ ಅರ್ಥ. ಆದರೆ ಇನ್ನೊಂದು ಅರ್ಥವೂ ಅದರ ಹಿಂದೆಯೇ ನಿಂತಿದೆ. ಇದನ್ನು ಕಾಣಬೇಕಾದರೆ ಪದದ ಬೇರಿಗೇ ಹೋಗಬೇಕು.

ಕನ್ನಡದಲ್ಲಿ ನಾವು ಪದದ ಬಾಲಕ್ಕೆ ಪ್ರತ್ಯಯ ಸೇರಿಸುತ್ತೇವೆ. ಮಾಡು, ಮಾಡಿದ, ಮಾಡುವವ, ಮಾಡಿಸು. ‘ಮಾಡು’ ಮುಂದೆ ಹಾಗೆಯೇ ಇರುತ್ತದೆ. ಅರಬಿಯಲ್ಲಿ ಬದಲಾವಣೆ ಹೆಚ್ಚಾಗಿ ಪದದ ಹೊಟ್ಟೆಯೊಳಗೆ ನಡೆಯುತ್ತದೆ. ಮೂರು ವ್ಯಂಜನಗಳು ಗಟ್ಟಿಯಾಗಿ ನಿಲ್ಲುತ್ತವೆ, ಅವುಗಳ ನಡುವಿನ ಸ್ವರಗಳು ಬದಲಾಗುತ್ತವೆ. ಕಾಫ್, ತಾ, ಬಾ ಈ ಮೂರು ಅಕ್ಷರ ತೆಗೆದುಕೊಳ್ಳಿ. ‘ಕತಬ’ ಎಂದರೆ ಬರೆದ. ‘ಕಾತಿಬ್’ ಎಂದರೆ ಬರೆಯುವವ. ‘ಕಿತಾಬ್’ ಎಂದರೆ ಪುಸ್ತಕ, ಅದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಈ ಮೂರು ಅಕ್ಷರಗಳೇ ಬೇರು. ಅವುಗಳನ್ನು ಎರೆಯುವ ಅಚ್ಚಿಗೆ ‘ವಝ್ನ್’ ಎನ್ನುತ್ತಾರೆ. ಮಸೀದಿಯ ದರ್ಸಿಗೆ ಹೋದ ಮಕ್ಕಳು ಸರ್ಫ್ ಎಂಬ ಪದರಚನೆಯ ಪಾಠದಲ್ಲಿ ಬಾಯಿಪಾಠ ಮಾಡುವುದು ಈ ಅಚ್ಚುಗಳನ್ನೇ. ಕಾತಿಬ್‌ನ ಬಹುವಚನ ‘ಕುತ್ತಾಬ್’. ಅದೇ ಅಚ್ಚಿನಲ್ಲಿ ಕಾಫಿರ್‌ನ ಬಹುವಚನ ‘ಕುಫ್ಫಾರ್’.

ಈಗ ಕಾಫ್, ಫಾ, ರಾ. ಈ ಬೇರಿನ ಪದಗಳು ಕುರ್‌ಆನಿನಲ್ಲಿ 500ಕ್ಕೂ ಜಾಸ್ತಿ ಸಲ ಬರುತ್ತವೆ. ಹತ್ತನೇ ಶತಮಾನದ ನಿಘಂಟುಕಾರ ಇಬ್ನ್ ಫಾರಿಸ್ ಪ್ರತಿ ಬೇರಿಗೂ ಮೂಲದಲ್ಲಿ ಎಷ್ಟು ಅರ್ಥ ಎಂದು ಲೆಕ್ಕ ಹಾಕುತ್ತಾ ಹೋದವರು. ಕೆಲವು ಬೇರಿಗೆ ಎರಡು, ಕೆಲವಕ್ಕೆ ಮೂರು ಅರ್ಥ ಕೊಡುತ್ತಾರೆ. ಇದಕ್ಕೆ ಮಾತ್ರ ಒಂದೇ ಒಂದು: ಮುಚ್ಚುವುದು, ಮರೆಮಾಡುವುದು.

ಇದು ನಿಘಂಟುಕಾರರು ಸುಮ್ನೆ ಕಟ್ಟಿದ ಕಥೆಯೋ ಅಥವಾ ಅರಬರು ನಿಜವಾಗಿ ಹಾಗೆ ಮಾತಾಡುತ್ತಿದ್ದರೋ ಎಂದು ತಿಳಿಯುವುದು ಹೇಗೆ? ಧರ್ಮದ ಚರ್ಚೆಯೇ ಇಲ್ಲದ ಕಡೆ ಈ ಪದ ಹೇಗೆ ಬಳಕೆಯಾಗಿದೆ ಎಂದು ನೋಡಬೇಕು. ಇಸ್ಲಾಮಿಗಿಂತ ಮೊದಲೇ ಹೆಸರು ಮಾಡಿದ ಕವಿ ಲಬೀದ್ ತನ್ನ ಪ್ರಸಿದ್ಧ ನೀಳ್ಗವನದಲ್ಲಿ ಒಂದು ಕಾಡುಹಸುವಿನ ರಾತ್ರಿಯನ್ನು ವರ್ಣಿಸುತ್ತಾನೆ. ಮರಿ ಕಳೆದುಕೊಂಡ ಹಸು, ಬಿಡದೆ ಸುರಿಯುವ ಮಳೆ. ಅದು ಮೋಡಗಳು ನಕ್ಷತ್ರಗಳನ್ನು ‘ಕಫರ’ ಮಾಡಿದ ರಾತ್ರಿ. ಎಂದರೆ ಮುಚ್ಚಿಬಿಟ್ಟ ರಾತ್ರಿ. ಅದೇ ಕವನದಲ್ಲಿ ಸೂರ್ಯ ಮುಳುಗುವುದನ್ನು ಹೇಳುವಾಗ, ಅವನು ‘ಕಾಫಿರ್’ಗೆ ಕೈಯಿಟ್ಟ ಎನ್ನುತ್ತಾನೆ. ಅಲ್ಲಿ ಕಾಫಿರ್ ಎಂದರೆ ಕತ್ತಲೆ, ಎಲ್ಲವನ್ನೂ ಮುಚ್ಚುವ ರಾತ್ರಿ. ನಂಬಿಕೆಯ ಸುದ್ದಿಯೇ ಅಲ್ಲಿಲ್ಲ.

ರೈತ ಬರುವುದೂ ಇಲ್ಲಿಂದಲೇ. ಏಣಿಲು ಬೆಳೆ ಕೊಯ್ದ ಮೇಲೆ ಬೈಲಿನಲ್ಲಿ ನಮ್ಮ ತಂದೆ ಅಲಸಂಡೆ ಬೀಜ ಊರುತ್ತಿದ್ದರು. ಬೆರಳಿನಿಂದ ಒಂದು ಕುಳಿ, ಅದರಲ್ಲಿ ಎರಡು ಬೀಜ, ಮೇಲೆ ಹಿಮ್ಮಡಿಯಿಂದ ಮಣ್ಣು ಎಳೆದು ಮೆಲ್ಲಗೆ ಒತ್ತುವುದು. ಮತ್ತೆ ಒಂದು ಹೆಜ್ಜೆ, ಮತ್ತೆ ಕುಳಿ. ನಾನು ಹಿಂದಿನಿಂದ ಹೋಗುತ್ತಿದ್ದೆ, ಮುಚ್ಚದೆ ಉಳಿದ ಬೀಜ ಇದ್ದರೆ ಮಣ್ಣು ಹಾಕುವುದು ನನ್ನ ಕೆಲಸ. ಇಲ್ಲದಿದ್ದರೆ ಪಾರಿವಾಳ ಬಂದು ಹೆಕ್ಕುತ್ತಿತ್ತು. ಅರಬರು ರೈತನನ್ನು ಈ ಹಿಮ್ಮಡಿಯ ಕೆಲಸದಿಂದ ಗುರುತಿಸಿದರು. ಬೀಜವನ್ನು ಮಣ್ಣಿನಲ್ಲಿ ಮುಚ್ಚುವವನು, ಆದ್ದರಿಂದ ಕಾಫಿರ್. ಕುರ್‌ಆನಿನ ಪದಗಳಿಗೆ ನಿಘಂಟು ಬರೆದ ರಾಗಿಬ್ ಅಲ್ ಇಸ್ಫಹಾನಿ ರಾತ್ರಿ ಮತ್ತು ರೈತ, ಈ ಎರಡು ಉದಾಹರಣೆಗಳನ್ನೂ ಪಕ್ಕಪಕ್ಕದಲ್ಲೇ ಕೊಡುತ್ತಾರೆ: ರಾತ್ರಿ ಜನರನ್ನು ಮುಚ್ಚುತ್ತದೆ, ರೈತ ಬೀಜವನ್ನು ಮುಚ್ಚುತ್ತಾನೆ.

ಮುಚ್ಚುವುದರಿಂದ ನಿಷೇಧಕ್ಕೆ ದಾರಿ ಎಲ್ಲಿ ಎಂದು ನೀವು ಕೇಳಬಹುದು. ನಡುವೆ ಒಂದು ಮೆಟ್ಟಿಲು ಇದೆ, ಅದನ್ನು ಬಿಟ್ಟರೆ ಎಲ್ಲವೂ ತಪ್ಪುತ್ತದೆ. ಆ ಮೆಟ್ಟಿಲು ಉಪಕಾರ ಮರೆಯುವುದು. ಸಿಕ್ಕಿದ ಉಪಕಾರವನ್ನು ಬಾಯಿಬಿಟ್ಟು ಹೇಳದೆ, ಕಾಣದ ಹಾಗೆ ಮುಚ್ಚಿಹಾಕುವುದು.

ಇದಕ್ಕೆ ಒಳ್ಳೆಯ ಸಾಕ್ಷಿ ಈಜಿಪ್ಟಿನ ದೊರೆ ಫಿರ್‌ಔನನ ಬಾಯಲ್ಲಿ ಸಿಗುತ್ತದೆ. 26ನೇ ಅಧ್ಯಾಯದಲ್ಲಿ ಪ್ರವಾದಿ ಮೂಸಾ ಅವನ ಅರಮನೆಗೆ ಬಂದು ನಿಲ್ಲುತ್ತಾರೆ. ಅವರು ಬೆಳೆದದ್ದು ಅದೇ ಮನೆಯಲ್ಲಿ. ಆಮೇಲೆ ಅವರ ಕೈಯಿಂದ ಅಲ್ಲಿಯ ಒಬ್ಬ ಸತ್ತಿದ್ದ, ಅವರು ಊರು ಬಿಟ್ಟಿದ್ದರು. ಫಿರ್‌ಔನ ಹೇಳುತ್ತಾನೆ: ಚಿಕ್ಕ ಮಗುವಾಗಿದ್ದಾಗ ನಿನ್ನನ್ನು ನಾವು ಸಾಕಲಿಲ್ಲವೇ, ನಿನ್ನ ಆಯುಷ್ಯದ ಎಷ್ಟೋ ವರ್ಷ ನಮ್ಮಲ್ಲಿ ಕಳೆಯಲಿಲ್ಲವೇ? 19ನೇ ವಚನದಲ್ಲಿ ಮುಂದುವರಿಸುತ್ತಾನೆ: ಆದರೂ ಆ ಕೆಲಸ ಮಾಡಿದೆಯಲ್ಲ, ನೀನು ‘ಕಾಫಿರ್’ಗಳಲ್ಲಿ ಒಬ್ಬ. ಇಲ್ಲಿ ‘ಸತ್ಯನಿಷೇಧಿ’ ಎಂದು ಹಾಕಿ ಓದಿ ನೋಡಿ, ಮಾತು ಕೂಡಿಬರುವುದಿಲ್ಲ. ಹಿಂದಿನ ವಾಕ್ಯವೆಲ್ಲ ಸಾಕಿದ್ದರ ಬಗ್ಗೆ ಇದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಉಂಡ ಮನೆಯ ಜಂತಿ ಎಣಿಸಿದವನು ನೀನು ಎಂಬ ಬೈಗುಳ ಅದು. ಹೆಚ್ಚಿನ ವ್ಯಾಖ್ಯಾನಕಾರರೂ ಇದನ್ನು ಕೃತಘ್ನತೆ ಎಂದೇ ಓದಿದ್ದಾರೆ.

ಇನ್ನೊಂದು ದಾರಿಯಿಂದಲೂ ಇದನ್ನು ಪರೀಕ್ಷಿಸಬಹುದು. ಒಂದು ಪದದ ಎದುರಿಗೆ ಯಾವ ಪದ ನಿಲ್ಲುತ್ತದೆ ಎಂದು ನೋಡುವುದು. 27ನೇ ಅಧ್ಯಾಯದ 40ನೇ ವಚನದಲ್ಲಿ ಸಬಾ ನಾಡಿನ ರಾಣಿಯ ಸಿಂಹಾಸನ ಕಣ್ಣೆದುರು ಬಂದು ನಿಂತಾಗ ಪ್ರವಾದಿ ಸುಲೈಮಾನ್ ಹೇಳುವುದು, ‘ಇದು ನನ್ನ ಒಡೆಯನ ಅನುಗ್ರಹ, ನಾನು ಶುಕ್ರ್ ಮಾಡುತ್ತೇನೋ ಕುಫ್ರ್ ಮಾಡುತ್ತೇನೋ ಎಂದು ನನ್ನನ್ನು ಪರೀಕ್ಷಿಸಲು’. 14:7ರಲ್ಲಿ ಶುಕ್ರ್ ಮಾಡಿದರೆ ಇನ್ನೂ ಕೊಡುತ್ತೇನೆ ಎಂಬ ಮಾತಿನ ಎದುರು ಬರುವುದೂ ಕುಫ್ರ್. ಶುಕ್ರ್ ಎಂದರೆ ಕೃತಜ್ಞತೆ. ಅದು ಎದುರಿಗೆ ಇದ್ದರೆ ಕುಫ್ರ್ ಎಂದರೆ ಉಪಕಾರ ಮುಚ್ಚುವುದು. ಎದುರಿಗೆ ‘ಈಮಾನ್’, ಎಂದರೆ ನಂಬಿಕೆ ಇದ್ದರೆ ಕುಫ್ರ್ ನಿಷೇಧದ ಕಡೆ ವಾಲುತ್ತದೆ. ಜಪಾನಿನ ವಿದ್ವಾಂಸ ಇಝುತ್ಸು ಈ ಎದುರು ಜೋಡಿಗಳನ್ನೇ ಹಿಡಿದು ಕುರ್‌ಆನಿನ ಪದಗಳನ್ನು ಓದಿದವರು. ಕೊಟ್ಟವನನ್ನು ಮರೆಮಾಡುವುದೂ ಕೊಟ್ಟವನೇ ಇಲ್ಲ ಎನ್ನುವುದೂ ಒಂದೇ ಎಳೆಯ ಎರಡು ತುದಿಗಳು ಎಂಬುದು ಹೀಗೆ ಓದಿದಾಗ ಗೊತ್ತಾಗುತ್ತದೆ. ಬೀದಿಯಲ್ಲಿ ಈ ಪದವನ್ನು ‘ಬೇರೆ ಧರ್ಮದವನು’ ಎಂದು ಚೀಟಿ ಅಂಟಿಸುವುದಕ್ಕೆ ಬಳಸುವುದನ್ನು ಕೇಳಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಆ ಬಳಕೆಯಲ್ಲಿ ಈ ಎಳೆ ಪೂರ್ತಿ ಕಳೆದುಹೋಗುತ್ತದೆ.

ಅದೇ ಬೇರು ಒಳ್ಳೆಯ ಕೆಲಸಕ್ಕೂ ಬರುತ್ತದೆ. 47ನೇ ಅಧ್ಯಾಯದ ಮೊದಲ ಎರಡು ವಚನ ತೆರೆದಿಟ್ಟುಕೊಳ್ಳಿ. ಮೊದಲನೆಯದು ‘ಕಫರೂ’ ಎನ್ನುವವರಿಂದ ಶುರುವಾಗುತ್ತದೆ, ಅಲ್ಲಿ ಅದು ನಿಷೇಧಿಸಿದವರು. ಎರಡನೆಯದು ನಂಬಿದವರ ಬಗ್ಗೆ: ದೇವರು ಅವರ ಕೆಡುಕುಗಳನ್ನು ‘ಕಫ್ಫರ’ ಮಾಡಿದ. ಇಲ್ಲಿ ಮುಚ್ಚುವವನು ದೇವರೇ. ಮುಚ್ಚಿದ್ದು ಮನುಷ್ಯರ ತಪ್ಪುಗಳನ್ನು. ಬೇರು ಒಂದೇ, ಅಚ್ಚು ಬೇರೆ. ನಡುವಿನ ಫಾ ಇಲ್ಲಿ ಒತ್ತಾಗಿದೆ. ಜೊತೆಗೆ ‘ಅನ್’ ಎಂಬ ಪುಟ್ಟ ಪದ ಬರುತ್ತದೆ, ‘ಅವರ ಮೇಲಿನಿಂದ’ ಎಂಬ ಅರ್ಥ ಕೊಡುವುದು. ತಪ್ಪು ಅವರ ಲೆಕ್ಕದಲ್ಲಿ ಕಾಣದ ಹಾಗೆ ಮುಚ್ಚಿಹೋಗುತ್ತದೆ. ಎರಡು ವಚನಗಳಲ್ಲಿ ಒಂದೇ ಬೇರು ಎರಡು ದಿಕ್ಕಿಗೆ ಹರಿಯುವುದು ಅರಬಿ ಕಿವಿಗೆ ತಕ್ಷಣ ಕೇಳುತ್ತದೆ. ಕನ್ನಡದಲ್ಲಿ ‘ನಿಷೇಧಿಸಿದರು’, ‘ನಿವಾರಿಸಿದನು’ ಎಂದು ಬರೆದಾಗ ಆ ಸದ್ದು ಉಳಿಯುವುದಿಲ್ಲ. ಅನುವಾದಕರದ್ದು ಇದರಲ್ಲಿ ತಪ್ಪಿಲ್ಲ, ಎರಡು ಭಾಷೆಗಳ ಕಟ್ಟಡವೇ ಬೇರೆ.

‘ಕಫ್ಫಾರ’ ಎಂಬ ಪ್ರಾಯಶ್ಚಿತ್ತವೂ ಇದೇ ಮನೆಯದು. ಆಣೆ ಮುರಿದರೆ ಏನು ಮಾಡಬೇಕು ಎಂದು 5:89 ಹೇಳುತ್ತದೆ: ನಿಮ್ಮ ಮನೆಯವರಿಗೆ ಕೊಡುವಂಥ ಸಾಧಾರಣ ಊಟವನ್ನು 10 ಬಡವರಿಗೆ ಹಾಕುವುದು, ಅಥವಾ ಅವರಿಗೆ ಬಟ್ಟೆ ಕೊಡುವುದು, ಅಥವಾ ಒಬ್ಬ ಗುಲಾಮನನ್ನು ಬಿಡಿಸುವುದು, ಯಾವುದೂ ಆಗದಿದ್ದರೆ 3 ದಿನದ ಉಪವಾಸ. ಯೆಹೂದಿಗಳ ‘ಯೋಮ್ ಕಿಪ್ಪೂರ್’ ಎಂಬ ಪ್ರಾಯಶ್ಚಿತ್ತದ ದಿನದಲ್ಲಿಯೂ ಇದೇ ಮೂರು ಅಕ್ಷರ. ಅರಬಿಯಲ್ಲಿ ಪ ಇಲ್ಲ, ಆ ಜಾಗದಲ್ಲಿ ಫ ಬರುತ್ತದೆ. ಹೀಬ್ರೂ, ಅರಾಮಿಕ್, ಅರಬಿ ಅಕ್ಕತಂಗಿ ಭಾಷೆಗಳು. ಪ್ರಾಯಶ್ಚಿತ್ತ ಎಂಬ ಧಾರ್ಮಿಕ ಅರ್ಥ ಗಟ್ಟಿಯಾದದ್ದು ಆ ಅಕ್ಕಂದಿರ ಪ್ರಭಾವದಿಂದ ಎಂದು ಹೇಳುವ ವಿದ್ವಾಂಸರಿದ್ದಾರೆ.

ಇನ್ನು ಎಚ್ಚರಿಕೆಯ ಮಾತು. ಬೇರು ಸಿಕ್ಕಿತು ಎಂಬ ಖುಷಿಯಲ್ಲಿ ಎಲ್ಲ ಕಡೆ ‘ಮುಚ್ಚು’ ಎಂದು ಹಾಕುತ್ತಾ ಹೋದರೆ ಹಳ್ಳಕ್ಕೆ ಬೀಳುತ್ತೇವೆ. 2:256 ನೋಡಿ. ‘ಯಾರು ತಾಗೂತ್‌ಗೆ ಕುಫ್ರ್ ಮಾಡಿ ದೇವರನ್ನು ನಂಬುತ್ತಾರೋ ಅವರು ಗಟ್ಟಿಯಾದ ಹಿಡಿಯನ್ನು ಹಿಡಿದರು.’ ತಾಗೂತ್ ಎಂದರೆ ಮಿತಿ ಮೀರಿದ್ದು, ದೇವರ ಜಾಗದಲ್ಲಿ ಕೂರಿಸಿದ ಸುಳ್ಳು. ಇಲ್ಲಿ ಕುಫ್ರ್ ಮಾಡುವುದು ಪುಣ್ಯದ ಕೆಲಸ! ಮುಚ್ಚುವುದು ಎಂದರೂ ಇಲ್ಲಿ ಹೊಂದುವುದಿಲ್ಲ, ಉಪಕಾರ ಮರೆಯುವುದು ಎಂದರೆ ಅರ್ಥವೇ ಇಲ್ಲ. ತಿರಸ್ಕರಿಸುವುದು ಎಂದೇ ಹೇಳಬೇಕು. ಗುರುತು ಎಲ್ಲಿದೆ? ಕ್ರಿಯಾಪದದ ಪಕ್ಕದ ‘ಬಿ’ ಎಂಬ ಅಕ್ಷರದಲ್ಲಿ. ‘ಕಫರ ಬಿ’ ಎಂದು ಬಂದರೆ ಸಾಮಾನ್ಯವಾಗಿ ಒಪ್ಪದಿರುವುದು, ನಿರಾಕರಿಸುವುದು. ಬಿ ಇಲ್ಲದೆ ನೇರವಾಗಿ ಕರ್ಮ ಬಂದರೆ ಕೃತಘ್ನತೆಯ ಅರ್ಥ ಇದೆಯೇ ಎಂದು ಮೊದಲು ನೋಡಬೇಕು. 2:152ರ ‘ನನಗೆ ಕೃತಜ್ಞರಾಗಿರಿ, ನನ್ನ ಉಪಕಾರ ಮರೆಯಬೇಡಿ’ ಎಂಬಲ್ಲಿ ಹೀಗೆ ನೇರವಾಗಿ ಬಂದಿದೆ. ಬೇರು ಒಂದು ಪದ ಹುಟ್ಟಿದ ಊರನ್ನು ತೋರಿಸುತ್ತದೆ. ಅದು ಈಗ ಯಾವ ಮನೆಯಲ್ಲಿದೆ ಎಂದು ಹೇಳುವುದು ಅಕ್ಕಪಕ್ಕದ ಪದಗಳು.

ಇನ್ನೊಂದು ತಪ್ಪು ನಾನೇ ಮಾಡಿದ್ದು. ಓದುತ್ತಿದ್ದ ಕಾಲದಲ್ಲಿ 76ನೇ ಅಧ್ಯಾಯಕ್ಕೆ ಬಂದೆ. ಅದರ 3ನೇ ವಚನ, ಮನುಷ್ಯನಿಗೆ ದಾರಿ ತೋರಿಸಿದ್ದೇವೆ, ಅವನು ಕೃತಜ್ಞನಾದರೂ ಆಗಲಿ, ‘ಕಫೂರ್’ ಆದರೂ ಆಗಲಿ ಎನ್ನುತ್ತದೆ. ಕಫೂರ್ ಎಂದರೆ ತುಂಬಾ ಕೃತಘ್ನ, ಅದು ಹೆಚ್ಚಳ ಹೇಳುವ ಅಚ್ಚು. ಎರಡೇ ವಚನ ದಾಟಿದರೆ 5ನೆಯದರಲ್ಲಿ ಸಜ್ಜನರು ಸ್ವರ್ಗದಲ್ಲಿ ಕುಡಿಯುವ ಪಾನೀಯದ ಬಗ್ಗೆ ಇದೆ, ಅದರಲ್ಲಿ ಬೆರೆಸಿದ್ದು ‘ಕಾಫೂರ್’. ಒಂದು ದೀರ್ಘದ ವ್ಯತ್ಯಾಸ ಅಷ್ಟೇ. ಇದೂ ಅದೇ ಬೇರು, ಬೇರೆ ರುಚಿಗಳನ್ನು ಮುಚ್ಚುವ ಪರಿಮಳ ಎಂದು ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ ಬರೆದು ಗುರುಗಳಿಗೆ ತೋರಿಸಿದೆ. ಅವರು ಓದಿ, ಮನೆಯಲ್ಲಿ ಆರತಿಗೆ ಹಚ್ಚುವವರನ್ನು ಅದರ ಹೆಸರೇನೆಂದು ಕೇಳಿ ಬಾ ಎಂದರು.

ಕರ್ಪೂರ. ಕಾಫೂರ್ ಎಂದರೆ ನಮ್ಮ ಕರ್ಪೂರವೇ. ಅದು ಅರಬಸ್ತಾನದ ಮಣ್ಣಿನಲ್ಲಿ ಹುಟ್ಟಿದ್ದಲ್ಲ. ಪೂರ್ವದ ಸಮುದ್ರದ ಆಚೆಯಿಂದ ವ್ಯಾಪಾರದ ಸರಕಾಗಿ ಹೋದದ್ದು. ಮಲಯ ಭಾಷೆಯಲ್ಲಿ ಕಾಪುರ್, ಸಂಸ್ಕೃತದಲ್ಲಿ ಕರ್ಪೂರ, ಹಳೆಯ ಪಾರಸಿಯಲ್ಲಿ ಕಾಪೂರ್. ಸರಕಿನ ಜೊತೆಗೆ ಹೆಸರೂ ಹೋಯಿತು, ಅರಬಿಯಲ್ಲಿ ಪ ಇಲ್ಲದ್ದರಿಂದ ಕಾಫೂರ್ ಆಯಿತು. ಅರಬಿ ನಿಘಂಟುಗಳು ಅದನ್ನು ಕಾಫ್-ಫಾ-ರಾ ಕೆಳಗೇ ಹಾಕುತ್ತವೆ, ಯಾಕೆಂದರೆ ಅವುಗಳ ಜೋಡಣೆಯೇ ಬೇರಿನ ಪ್ರಕಾರ, ಬೇರೆಲ್ಲಿ ಇಡುವುದು? ಹೊರಗಿನಿಂದ ಬಂದ ಪದಕ್ಕೂ ಅಲ್ಲಿ ಒಂದು ಕುರ್ಚಿ ಸಿಗುತ್ತದೆ. ನಿಘಂಟಿನಲ್ಲಿ ಒಟ್ಟಿಗೆ ಕೂತಿವೆ ಎಂದ ಮಾತ್ರಕ್ಕೆ ರಕ್ತಸಂಬಂಧ ಇದೆ ಎಂದು ತಿಳಿಯಬಾರದು. ಪದ ಹೇಳುವ ವಸ್ತು ಆ ನಾಡಿನದ್ದಲ್ಲ, ಬೇರಿನ ಅರ್ಥಕ್ಕೆ ಅದನ್ನು ಎಳೆದು ಜೋಡಿಸಬೇಕಾಗುತ್ತದೆ, ನೆರೆಯ ಭಾಷೆಗಳಲ್ಲಿ ಅದೇ ಸದ್ದಿನ ಹೆಸರು ಅದೇ ವಸ್ತುವಿಗೆ ಇದೆ ಎಂದಾದರೆ ಅನುಮಾನ ಪಡಲೇಬೇಕು.

ಆದರೆ ಇದೇ ಸದ್ದಿನ ಇನ್ನೊಂದು ಕಾಫೂರ್ ಅರಬಿಯಲ್ಲಿದೆ. ಖರ್ಜೂರದ ಮರದ ಎಳೆ ಹೂಗೊಂಚಲನ್ನು ಸುತ್ತಿಕೊಂಡಿರುವ ಪೊರೆಗೆ ಆ ಹೆಸರು. ಅಡಿಕೆ ತೋಟ ಇರುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂಗಾರ ಬಿರಿಯುವ ಮೊದಲು ಅದರ ಮೇಲಿನ ಹಸಿರು ಪೊರೆ ಸುಲಿದರೆ ಒಳಗೆ ಬೆಣ್ಣೆ ಬಣ್ಣದ ಗೊಂಚಲು ಮಡಚಿ ಕೂತಿರುತ್ತದಲ್ಲ, ಹಾಗೆ. ಮುಚ್ಚುವುದು ಅದರ ಕೆಲಸವೇ, ಈ ಪದವನ್ನು ಬೇರಿಗೆ ಸೇರಿಸಲು ಯಾವ ಒತ್ತಾಯವೂ ಬೇಕಿಲ್ಲ. 76:5ರಲ್ಲಿ ಇರುವುದು ಮಾತ್ರ ಇದಲ್ಲ, ಕರ್ಪೂರ.

ಈಗ ನಿಮ್ಮ ವಚನಕ್ಕೆ ಬರೋಣ. 57:20 ಈ ಲೋಕದ ಬದುಕನ್ನು ಆಟ, ಮೋಜು, ಅಲಂಕಾರ, ನಿಮ್ಮೊಳಗಿನ ಜಂಬ, ಹಣ ಮಕ್ಕಳಲ್ಲಿ ಮೇಲಾಟ ಎಂದು ಕರೆದು ಒಂದು ಹೋಲಿಕೆ ಕೊಡುತ್ತದೆ: ಒಂದು ಮಳೆಯ ಹಾಗೆ, ಅದರಿಂದ ಚಿಗುರಿದ ಪೈರು ಕುಫ್ಫಾರರನ್ನು ಮೆಚ್ಚಿಸಿತು, ಆಮೇಲೆ ಅದು ಒಣಗುತ್ತದೆ, ಹಳದಿಯಾಗುವುದನ್ನು ನೀನು ಕಾಣುತ್ತೀ, ಕೊನೆಗೆ ಹೊಟ್ಟಾಗುತ್ತದೆ. ಮಳೆ, ಚಿಗುರು, ಹಳದಿ, ಹೊಟ್ಟು ಎಲ್ಲವೂ ಹೊಲದ ಮಾತು. ಅಲ್ಲಿ ಮೆಚ್ಚಿ ನಿಂತವನು ಬೀಜ ಮುಚ್ಚಿದವನೇ ಆಗಿದ್ದರೆ ಚಿತ್ರ ಪೂರ್ತಿಯಾಗುತ್ತದೆ. ಅವನಿಗೆ ಬೆಳೆಯ ಬೆಲೆ ಗೊತ್ತು, ಅವನನ್ನೇ ಮೆಚ್ಚಿಸಿದ ಪೈರು ಎಂದರೆ ಅದು ಅಷ್ಟು ಸೊಗಸಾಗಿತ್ತು ಎಂದರ್ಥ. 1210ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ರಾಝಿ ಎರಡೂ ಅಭಿಪ್ರಾಯ ಕೊಡುತ್ತಾರೆ, ರೈತರು ಎಂಬುದನ್ನು ಪ್ರವಾದಿಯ ಸಂಗಾತಿ ಇಬ್ನ್ ಮಸ್‌ಊದರ ಮಾತಾಗಿ ಹೇಳುತ್ತಾರೆ. ರಾಝಿಗಿಂತ ಮೊದಲಿನ ವ್ಯಾಖ್ಯಾನಕಾರ ಝಮಖ್ಶರಿ ಮಳೆ ಬೆಳೆಯ ಉಪಕಾರವನ್ನೇ ಅಲ್ಲಗಳೆಯುವವರು ಎಂಬ ಅರ್ಥವನ್ನು ಮುಂದಿಟ್ಟು, ರೈತರು ಎಂಬುದನ್ನು ಎರಡನೆಯದಾಗಿ ಕೊಡುತ್ತಾರೆ. ನಿಮ್ಮ ಎರಡು ಅನುವಾದಗಳ ಜಗಳ ಅಷ್ಟು ಹಳೆಯದು.

ನಾನು ಯಾಕೆ ಎರಡನ್ನೂ ಬಿಡುವುದಿಲ್ಲ ಎಂದರೆ, 48:29 ಇದೆ. ಅಲ್ಲಿಯೂ ಒಂದು ಪೈರಿನ ಹೋಲಿಕೆ. ಮೊಳಕೆ ಹೊರಡಿಸಿ, ಗಟ್ಟಿಯಾಗಿ, ದಪ್ಪವಾಗಿ, ತನ್ನ ದಂಟಿನ ಮೇಲೆ ನೇರ ನಿಂತ ಪೈರು. ಅದು ಬಿತ್ತಿದವರನ್ನು ಮೆಚ್ಚಿಸುತ್ತದೆ. ಮೆಚ್ಚಿಸುವುದಕ್ಕೆ 57:20ರಲ್ಲಿರುವ ಕ್ರಿಯಾಪದವೇ ಇಲ್ಲಿಯೂ ಇದೆ. ಆದರೆ ಬಿತ್ತಿದವರಿಗೆ ಬಳಸಿದ ಪದ ‘ಝುರ್ರಾಅ್’, ಬೇಸಾಯಗಾರ ಎನ್ನುವುದಕ್ಕೆ ನೇರವಾದ ಪದ. ಅದರ ಬೆನ್ನಿಗೇ, ಆ ಪೈರಿನಂಥ ಜನರನ್ನು ಕಂಡು ‘ಕುಫ್ಫಾರ್’ಗಳಿಗೆ ಸಿಟ್ಟು ಬರುತ್ತದೆ ಎಂದಿದೆ. ಎಂದರೆ ಇಲ್ಲಿ ಎರಡು ಪದಗಳೂ ಬಂದು ಬೇರೆ ಬೇರೆ ಕಡೆ ನಿಂತಿವೆ: ಮೆಚ್ಚುವವರು ಝುರ್ರಾಅ್, ಕುದಿಯುವವರು ಕುಫ್ಫಾರ್. ರೈತನಿಗೆ ಅಷ್ಟು ನೇರವಾದ ಪದ ಇದ್ದೂ 57:20 ಕುಫ್ಫಾರ್ ಎಂದಿತು. 500ಕ್ಕೂ ಹೆಚ್ಚು ಬಳಕೆಗಳಲ್ಲಿ ರೈತ ಎಂಬ ಅರ್ಥ ಕಾಣುವುದು ಅದೊಂದೇ ಕಡೆ. ಬಹುಪಾಲು ಕಡೆ ಇನ್ನೊಂದು ಅರ್ಥದಲ್ಲಿ ಕೇಳಿದ ಕಿವಿ ಈ ಒಂದು ಕಡೆ ಅದನ್ನು ಮರೆತೇಬಿಡುತ್ತದೆ ಎನ್ನಲು ನನಗೆ ಆಗುವುದಿಲ್ಲ. ಮೊದಲು ಹೊಲ ಕಾಣುತ್ತದೆ, ಅದರಲ್ಲಿ ನಿಂತ ರೈತ ಕಾಣುತ್ತಾನೆ. ಪೈರು ಹೊಟ್ಟಾಗುವ ಹೊತ್ತಿಗೆ, ಹಸಿರನ್ನು ಮಾತ್ರ ನೋಡಿ ಮಳೆ ಕೊಟ್ಟವನನ್ನು ಮುಚ್ಚಿಟ್ಟವನ ಮುಖವೂ ಕಾಣುತ್ತದೆ.

ಕನ್ನಡದಲ್ಲಿ ಈ ಎರಡನ್ನೂ ಹಿಡಿಯುವ ಒಂದೇ ಪದ ನನಗೆ ಸಿಕ್ಕಿಲ್ಲ. ‘ಬೀಜ ಮುಚ್ಚಿದವರು’ ಎಂದು ಒಮ್ಮೆ ಬರೆದು ನೋಡಿದೆ, ಓದುವವರು ತಡವರಿಸಿದರು. ಹಾಗಾಗಿ ಪಾಠ ಮಾಡುವಾಗ ಮೇಲೆ ‘ರೈತರು’ ಎಂದು ಹೇಳಿ, ಕೆಳಗೆ ಕುಫ್ಫಾರ್ ಪದವನ್ನು ಬರೆದು ತೋರಿಸುತ್ತೇನೆ. ನೀವು ನಿಮ್ಮ ಎರಡು ಪುಸ್ತಕಗಳಲ್ಲಿಯೂ 57:20ರ ಅಂಚಿನಲ್ಲಿ ಪೆನ್ಸಿಲಿನಿಂದ 48:29 ಎಂದು ಬರೆದಿಡಿ. ಮುಂದಿನ ಸಲ ಎರಡನ್ನೂ ಒಟ್ಟಿಗೆ ತೆರೆದು, ಆ ಹುಡುಗನಿಂದ ಅರಬಿಯಲ್ಲಿ ಜೋರಾಗಿ ಓದಿಸಿ. ‘ಅಅ್‌ಜಬ’, ‘ಯುಅ್‌ಜಿಬು’ ಎಂದು ಆ ಮೆಚ್ಚುವ ಪದ ಎರಡು ಕಡೆಯೂ ಬರುವುದು ನಿಮ್ಮ ಕಿವಿಗೇ ಕೇಳುತ್ತದೆ.